ಮೇಕಪ್ ಮೇಲೆ ಮತ್ತೆ ಸನ್‌ಸ್ಕ್ರೀನ್: ಕಚೇರಿಯ ದಿನದಲ್ಲಿ ಬೇಸ್ ಕೆಡದಂತೆ ಹಚ್ಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿ, ಅದರ ಮೇಲೆ ಫೌಂಡೇಶನ್ ಅಥವಾ ಕಾಂಪ್ಯಾಕ್ಟ್ ಹಾಕಿಕೊಂಡು ಕೆಲಸಕ್ಕೆ ಹೋಗುವವರಿಗಾಗಿ ಈ ಪುಟ. ಮುಖ ತೊಳೆದು ಎಲ್ಲವನ್ನೂ ಮೊದಲಿನಿಂದ ಹಚ್ಚಲು ಕಚೇರಿಯಲ್ಲಿ ಸಮಯವೂ ಇರುವುದಿಲ್ಲ, ಜಾಗವೂ ಇರುವುದಿಲ್ಲ. ವಾಶ್‌ರೂಮಿನ ಕನ್ನಡಿ ಮುಂದೆ ಆರೇಳು ನಿಮಿಷದಲ್ಲಿ ಆಗುವ ಕೆಲಸವನ್ನಷ್ಟೇ ಇಲ್ಲಿ ವಿವರಿಸಿದ್ದೇವೆ. ಹೊತ್ತಿನ ಲೆಕ್ಕಗಳನ್ನು ಬೆಂಗಳೂರಿನ ಬಿಸಿಲಿಗೆ ಹೊಂದಿಸಿ ಹೇಳಿದ್ದೇವೆ.

ಬೆಳಿಗ್ಗೆ ಎಸ್‌ಪಿಎಫ್ 50 ಹಚ್ಚಿದರೆ ಸಂಜೆವರೆಗೆ ಸಾಕಾಗುವುದಿಲ್ಲವೇ?

ಎಸ್‌ಪಿಎಫ್ ಅನ್ನುವುದು ರಕ್ಷಣೆ ಎಷ್ಟು ಗಟ್ಟಿ ಎಂಬುದರ ಅಳತೆ. ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಚರ್ಮದ ಮೇಲಿನ ತೆಳು ಪದರ ಹರಿಯದೆ ಒಂದೇ ಸಮನಾಗಿ ಇರುವವರೆಗೆ ಅದು ಕೆಲಸ ಮಾಡುತ್ತದೆ. ಜಿಡ್ಡು ಒಸರಿದಾಗ, ಬೆವರು ಇಳಿದಾಗ, ಕರ್ಚೀಫಿನಿಂದ ಒರೆಸಿದಾಗ, ಫೋನು ಕೆನ್ನೆಗೆ ತಾಗಿದಾಗ ಆ ಪದರದಲ್ಲಿ ಅಲ್ಲಲ್ಲಿ ಕಿಂಡಿ ಬೀಳುತ್ತದೆ. ಮೂಗು, ಮೇಲ್ತುಟಿಯ ಭಾಗ, ಹಣೆ ಮತ್ತು ಕನ್ನಡಕ ಕೂರುವ ಜಾಗ ಮೊದಲು ಬರಿದಾಗುತ್ತವೆ.

ಎರಡು ಗಂಟೆಗೊಮ್ಮೆ ಹಚ್ಚಬೇಕು ಎಂಬ ಸೂಚನೆ ಬಿಸಿಲಿನಲ್ಲಿ ಇರುವವರಿಗೆ. ಕಿಟಕಿಯಿಂದ ದೂರ, ಎಸಿ ಕೋಣೆಯ ಮಧ್ಯದಲ್ಲಿ ಕುಳಿತಿರುವವರು ಗಡಿಯಾರ ನೋಡಿಕೊಂಡು ಎರಡು ಗಂಟೆಗೊಮ್ಮೆ ಎದ್ದು ಹಚ್ಚುವ ಅಗತ್ಯವಿಲ್ಲ. ಹಾಗೆ ನಾಲ್ಕೈದು ಸಲ ಹಚ್ಚಿದರೆ ಬೇಸ್ ಕೆಡುವುದು ಖಂಡಿತ, ಅದರಿಂದ ಬರುವ ಲಾಭ ಅತ್ಯಲ್ಪ. ಹೊರಗೆ ಹೋಗುವ ಸ್ವಲ್ಪ ಮೊದಲು ಒಂದೇ ಒಂದು ಸಲ ಸರಿಯಾಗಿ ಹಚ್ಚುವುದು ಅದಕ್ಕಿಂತ ಎಷ್ಟೋ ಮೇಲು.

ಹಾಗಾದರೆ ಯಾವ ಹೊತ್ತಿಗೆ ಹಚ್ಚಬೇಕು?

ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಸರಿಯಾಗಿ 12ಕ್ಕಲ್ಲ, ಸುಮಾರು 12:20ಕ್ಕೆ. ತಿಂಗಳಿಂದ ತಿಂಗಳಿಗೆ ಇದು ಹತ್ತು ಹದಿನೈದು ನಿಮಿಷ ಆಚೀಚೆ ಆಗುತ್ತದೆ. ಹಾಗಾಗಿ 11ರಿಂದ 2ರವರೆಗಿನ ಬಿಸಿಲೇ ಅತ್ಯಂತ ಕಟು, ಮತ್ತು ಊಟದ ವಿರಾಮವೂ ಅದರೊಳಗೇ ಬೀಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಈ ಹೊತ್ತಿನ ಯುವಿ ಸೂಚ್ಯಂಕ 11ನ್ನು ಮುಟ್ಟುವುದು ಸಾಮಾನ್ಯ. ಚರ್ಮಕ್ಕೆ ರಕ್ಷಣೆ ಬೇಕೆಂದು ಹೇಳುವುದು ಸೂಚ್ಯಂಕ 3ರಿಂದ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿರುವುದರಿಂದ ಬಿಸಿಲು ಚುರುಗುಟ್ಟುವುದಿಲ್ಲ, ಆದರೆ ಯುವಿ ಕಡಿಮೆಯಾಗಿರುವುದಿಲ್ಲ. ಇಲ್ಲಿ ಹೆಚ್ಚಿನವರು ಮೋಸಹೋಗುವುದು ಈ ತಂಪಿಗೇ.

ಊಟಕ್ಕೋ ಚಹಾಕ್ಕೋ ಹೊರಗೆ ನಡೆದುಹೋಗುವ ರೂಢಿಯಿದ್ದರೆ, ಹೊರಡುವ 15 ನಿಮಿಷ ಮುಂಚೆ ಹಚ್ಚಿ. ಪದರ ಒಣಗಿ ಕೂರಲು ಅಷ್ಟು ಸಮಯ ಬೇಕು. ಮಧ್ಯಾಹ್ನ ಹೊರಗೆ ಕಾಲಿಡದವರು, ಆದರೆ ಸಂಜೆ 4 ಗಂಟೆಗೇ ಮನೆಗೆ ಹೊರಡುವವರು, 3:45ಕ್ಕೆ ಹಚ್ಚಿದರೆ ಸರಿ. ಸಂಜೆ 6ರ ನಂತರ ಕಚೇರಿ ಬಿಡುವವರಿಗೆ ಹೊರಡುವ ಮುಂಚೆ ಹಚ್ಚುವ ಕೆಲಸವೇ ಇಲ್ಲ.

ಕಿಟಕಿ ಪಕ್ಕದ ಕುರ್ಚಿ ಮಾತ್ರ ಬೇರೆ ಲೆಕ್ಕ. ಸಾಮಾನ್ಯ ಗಾಜು ಯುವಿ-ಬಿ ಕಿರಣಗಳನ್ನು ತಡೆಯುತ್ತದೆ, ಯುವಿ-ಎ ಕಿರಣಗಳಲ್ಲಿ ಹೆಚ್ಚಿನ ಪಾಲನ್ನು ಒಳಗೆ ಬಿಡುತ್ತದೆ. ಮುಖ ಸುಡುವುದಿಲ್ಲ, ಆದರೆ ಕಪ್ಪಾಗುವುದು, ಕಲೆ ಗಾಢವಾಗುವುದು ನಡೆದೇ ಇರುತ್ತದೆ. ಕಾರಿನಲ್ಲೂ ಹೀಗೆಯೇ: ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಗಾಜಾದ್ದರಿಂದ ಯುವಿ-ಎಯನ್ನೂ ಬಹುಪಾಲು ತಡೆಯುತ್ತದೆ, ಪಕ್ಕದ ಗಾಜುಗಳನ್ನು ಅಷ್ಟು ನಂಬುವಂತಿಲ್ಲ. ದ್ವಿಚಕ್ರ ವಾಹನದವರಿಗೆ ಒಂದು ಅನುಕೂಲವಿದೆ. ಹೆಲ್ಮೆಟ್ಟಿನ ಮುಂದಿನ ಗಾಜು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅದು ಪಾರದರ್ಶಕವಾಗಿದ್ದರೂ ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಕೆಳಗಿಳಿಸಿಕೊಂಡಿದ್ದರೆ ಮಾತ್ರ.

ಮೇಲೆ ಹಚ್ಚಿದ ತಕ್ಷಣ ಫೌಂಡೇಶನ್ ಯಾಕೆ ಕಿತ್ತುಬರುತ್ತದೆ?

ಎರಡು ಕಾರಣಗಳಿವೆ, ಎರಡಕ್ಕೂ ಪರಿಹಾರ ಬೇರೆ ಬೇರೆ.

ಮೊದಲನೆಯದು ಕರಗುವುದು. ಫೌಂಡೇಶನ್ ಹಚ್ಚಿದ ಮೇಲೆ ಅದರಲ್ಲಿನ ಆರಿಹೋಗುವ ದ್ರವ ಹೋಗಿ, ಬಣ್ಣದ ಪುಡಿ ಒಂದು ತೆಳು ಪೊರೆಯಲ್ಲಿ ಹಿಡಿದುಕೊಂಡು ಕೂರುತ್ತದೆ. ಸನ್‌ಸ್ಕ್ರೀನಿನಲ್ಲಿ ಯುವಿಯನ್ನು ಹೀರುವ ಅಂಶಗಳಲ್ಲಿ ಅನೇಕವು ಸ್ವತಃ ಎಣ್ಣೆಗಳು. ಉಳಿದವನ್ನು ಕರಗಿಸಿ ಇಡಲು ಮತ್ತಷ್ಟು ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಮೇಕಪ್ ತೆಗೆಯುವ ಕ್ಲೆನ್ಸಿಂಗ್ ಎಣ್ಣೆ ಮಾಡುವ ಕೆಲಸವನ್ನೇ ಇವೂ ಸಣ್ಣ ಪ್ರಮಾಣದಲ್ಲಿ ಮಾಡುತ್ತವೆ, ಕೂತಿದ್ದ ಪೊರೆಯನ್ನು ಮೆತ್ತಗಾಗಿಸುತ್ತವೆ. ಬೆಳಗಿನಿಂದ ಒಸರಿದ ಜಿಡ್ಡು ಸೇರಿದರೆ ಇನ್ನೂ ಬೇಗ.

ಎರಡನೆಯದು ಎಳೆತ. ಮೆತ್ತಗಾದ ಪೊರೆಯ ಮೇಲೆ ಬೆರಳು ಉಜ್ಜಿದರೆ ಬಣ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಮೂಗಿನ ಪಕ್ಕ ಗುಪ್ಪೆಯಾಗಿ, ಕೆನ್ನೆ ಬರಿದಾಗಿ ಕಾಣುವುದು ಇದರಿಂದಲೇ.

ಕರಗುವುದನ್ನು ತಡೆಯಲು ಜಿಡ್ಡನ್ನು ಮೊದಲು ತೆಗೆಯಬೇಕು, ಒಂದು ಸಲಕ್ಕೆ ಸ್ವಲ್ಪವೇ ಹಚ್ಚಬೇಕು, ಆರಲು ಬಿಡಬೇಕು. ಎಳೆತ ತಡೆಯಲು ಉಜ್ಜುವುದನ್ನು ಪೂರ್ತಿ ಬಿಟ್ಟು ಒತ್ತಬೇಕು. ಮುಂದೆ ಬರುವ ಹೆಜ್ಜೆಗಳೆಲ್ಲ ಈ ಎರಡರಿಂದಲೇ ಹುಟ್ಟಿದವು.

ಬೆಳಗಿನ ಬೇಸ್ ಹೇಗಿದ್ದರೆ ಮಧ್ಯಾಹ್ನ ಸುಲಭ?

ಬೆಳಿಗ್ಗೆ ಹಚ್ಚುವ ಸನ್‌ಸ್ಕ್ರೀನಿನಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು. ಮುಖಕ್ಕೆ ಅದು ಒಂದು ಗ್ರಾಮಿಗಿಂತ ತುಸು ಹೆಚ್ಚು. ತೋರುಬೆರಳು ಮತ್ತು ಮಧ್ಯದ ಬೆರಳಿನ ಉದ್ದಕ್ಕೂ ಒಂದೊಂದು ದಪ್ಪ ಗೆರೆ ಎಳೆದರೆ ಅಂದಾಜು ಅಷ್ಟಾಗುತ್ತದೆ. ಕತ್ತಿಗೆ ಬೇರೆಯೇ ಬೇಕು. ಎರಡೂ ಗೆರೆಗಳನ್ನು ಒಟ್ಟಿಗೆ ಹಚ್ಚದೆ, ಒಂದನ್ನು ಹಚ್ಚಿ ಎರಡು ಮೂರು ನಿಮಿಷ ಬಿಟ್ಟು ಇನ್ನೊಂದನ್ನು ಹಚ್ಚಿ. ಆಮೇಲೆ ಹತ್ತು ನಿಮಿಷ ಬಿಟ್ಟುಬಿಡಿ. ಆ ಹೊತ್ತಿನಲ್ಲಿ ತಲೆ ಬಾಚಿಕೊಳ್ಳಬಹುದು, ಡಬ್ಬಿ ಕಟ್ಟಿಕೊಳ್ಳಬಹುದು. ಒದ್ದೆ ಸನ್‌ಸ್ಕ್ರೀನ್ ಮೇಲೆ ಫೌಂಡೇಶನ್ ಹಾಕಿದರೆ ಎರಡೂ ಬೆರೆತು, ಎರಡೂ ಕೆಡುತ್ತವೆ.

ಫೌಂಡೇಶನ್ ತೆಳ್ಳಗಿರಲಿ. ಪೂರ್ತಿ ಮುಚ್ಚುವ ದಪ್ಪ ಬೇಸ್ ಮೇಲೆ ಮಧ್ಯಾಹ್ನ ಏನು ಹಚ್ಚಿದರೂ ಗುರುತು ಬೀಳುತ್ತದೆ. ಕಲೆಗಳಿರುವ ಕಡೆ ಮಾತ್ರ ಕನ್ಸೀಲರ್ ಹಾಕಿ, ಉಳಿದ ಕಡೆ ಚರ್ಮ ಕಾಣುವಂತೆ ಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪೌಡರ್. ಇಡೀ ಮುಖಕ್ಕೆ ಕಾಂಪ್ಯಾಕ್ಟ್ ಒತ್ತಿಕೊಂಡು ಹೋದರೆ, ಮಧ್ಯಾಹ್ನದ ಸನ್‌ಸ್ಕ್ರೀನ್ ಆ ಪುಡಿಯನ್ನು ಒದ್ದೆ ಮಾಡಿ ತೇಪೆ ತೇಪೆಯಾಗಿ ಗಂಟು ಕಟ್ಟಿಸುತ್ತದೆ. ಬೆಳಿಗ್ಗೆ ಹಣೆಯ ನಡುಭಾಗ, ಮೂಗು, ಗಲ್ಲಕ್ಕೆ ಮಾತ್ರ ಪೌಡರ್ ಹಾಕಿ. ಕೆನ್ನೆಗೆ ಬೇಕಾದ ಪೌಡರನ್ನು ಮಧ್ಯಾಹ್ನ ಸನ್‌ಸ್ಕ್ರೀನ್ ಹಚ್ಚಿದ ನಂತರಕ್ಕೆ ಉಳಿಸಿಕೊಳ್ಳಿ. ಈ ಒಂದು ಬದಲಾವಣೆಯಿಂದಲೇ ಅರ್ಧ ತೊಂದರೆ ತಪ್ಪುತ್ತದೆ.

ಫೌಂಡೇಶನ್ನಿನಲ್ಲೇ ಎಸ್‌ಪಿಎಫ್ 30 ಇದ್ದರೆ ಸನ್‌ಸ್ಕ್ರೀನ್ ಬಿಡಬಹುದೇ?

ಬೇಡ. ಆ 30 ಸಿಗಬೇಕಾದರೆ ಅದೇ ಒಂದು ಗ್ರಾಮಿಗೂ ಹೆಚ್ಚು ಫೌಂಡೇಶನ್ ಹಚ್ಚಬೇಕು. ಅಷ್ಟು ಯಾರೂ ಹಚ್ಚುವುದಿಲ್ಲ. 50 ಮತ್ತು 30 ಕೂಡಿ 80 ಆಗುವುದೂ ಇಲ್ಲ.

ಮಧ್ಯಾಹ್ನ ಹಚ್ಚುವ ಕ್ರಮವನ್ನು ಹಂತ ಹಂತವಾಗಿ ಹೇಳಿ.

ಬೇಕಾಗುವುದು: ಬ್ಲಾಟಿಂಗ್ ಪೇಪರ್ ಅಥವಾ ಒಂದೇ ಪದರದ ಟಿಶ್ಯೂ, ಸಣ್ಣ ಮೇಕಪ್ ಸ್ಪಂಜು, ತೆಳು ದ್ರವದಂಥ ಸನ್‌ಸ್ಕ್ರೀನ್, ಕಾಂಪ್ಯಾಕ್ಟ್. ಕ್ರೀಮಿನಷ್ಟು ಗಟ್ಟಿಯಾದ ಸನ್‌ಸ್ಕ್ರೀನ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದನ್ನು ಹರಡಲು ಉಜ್ಜಲೇಬೇಕಾಗುತ್ತದೆ.

1. ಕೈ ತೊಳೆದು ಒರೆಸಿಕೊಳ್ಳಿ. ಬೆವರಿದ್ದರೆ ಫ್ಯಾನ್ ಅಥವಾ ಎಸಿ ಗಾಳಿಗೆ ಎರಡು ಮೂರು ನಿಮಿಷ ನಿಂತು ಮುಖ ಆರಿಸಿಕೊಳ್ಳಿ.

2. ಟಿಶ್ಯೂವನ್ನು ಮುಖದ ಮೇಲೆ ಹಾಸಿ, ಅಂಗೈಯಿಂದ ಒತ್ತಿ, ಎತ್ತಿ. ಎಳೆಯಬೇಡಿ. ಹಣೆ, ಮೂಗಿನ ಎರಡೂ ಪಕ್ಕ, ಮೇಲ್ತುಟಿಯ ಭಾಗ, ಗಲ್ಲ. ಕೊನೆಯ ಒತ್ತಿಗೆ ಟಿಶ್ಯೂ ಮೇಲೆ ಪಾರದರ್ಶಕ ಕಲೆ ಕಾಣದಿದ್ದರೆ ಸಾಕು. ಅವಸರದಲ್ಲಿ ಹೆಚ್ಚಿನವರು ಬಿಡುವುದು ಈ ಹಂತವನ್ನೇ. ಜಿಡ್ಡಿನ ಮೇಲೆ ಹಚ್ಚಿದ ಸನ್‌ಸ್ಕ್ರೀನ್ ಅರ್ಧ ಗಂಟೆಯಲ್ಲಿ ಜಾರಿಹೋಗುತ್ತದೆ.

3. ಸ್ಪಂಜನ್ನು ನೀರಿನಲ್ಲಿ ನೆನೆಸಿ, ಹನಿ ಬೀಳದಷ್ಟು ಗಟ್ಟಿಯಾಗಿ ಹಿಂಡಿ, ಟಿಶ್ಯೂನಲ್ಲಿ ಸುತ್ತಿ ಮತ್ತೊಮ್ಮೆ ಹಿಂಡಿ. ಒಣ ಸ್ಪಂಜು ಸನ್‌ಸ್ಕ್ರೀನನ್ನೇ ಕುಡಿದುಬಿಡುತ್ತದೆ, ಬೇಸನ್ನೂ ಎತ್ತುತ್ತದೆ. ಒದ್ದೆ ಹೆಚ್ಚಾದರೆ ಸನ್‌ಸ್ಕ್ರೀನ್ ನೀರಾಗುತ್ತದೆ.

4. ಒಂದು ಬೆರಳಿನ ಉದ್ದದಷ್ಟು ಸನ್‌ಸ್ಕ್ರೀನನ್ನು ಮುಂಗೈ ಹಿಂಬದಿಗೆ ಹಾಕಿಕೊಳ್ಳಿ. ಮುಖಕ್ಕೆ ನೇರವಾಗಿ ಚುಕ್ಕೆ ಇಡಬೇಡಿ. ಚುಕ್ಕೆ ಬಿದ್ದ ಜಾಗದಲ್ಲಿ ಫೌಂಡೇಶನ್ ಮೊದಲು ಕರಗಿ ಗುಂಡಗಿನ ಗುರುತು ಉಳಿಯುತ್ತದೆ.

5. ಅದರಲ್ಲಿ ಅರ್ಧದಷ್ಟನ್ನು ಸ್ಪಂಜಿಗೆ ತೆಗೆದುಕೊಂಡು ಕೆನ್ನೆಯ ಹೊರಭಾಗದಿಂದ ಶುರುಮಾಡಿ. ಒತ್ತಿ, ನೇರ ಮೇಲಕ್ಕೆತ್ತಿ, ಪಕ್ಕದಲ್ಲಿ ಒತ್ತಿ. ಕೆನ್ನೆ, ಹಣೆ, ಗಲ್ಲ ಮುಗಿಸಿ ಕೊನೆಗೆ ಮೂಗಿಗೆ ಬನ್ನಿ. ಒತ್ತಿದ ಜಾಗಕ್ಕೆ ಕೂಡಲೇ ಮರಳಬೇಡಿ.

6. ಒಂದೂವರೆ ನಿಮಿಷ ಬಿಡಿ. ಈ ಹೊತ್ತಿನಲ್ಲಿ ಕಿವಿ, ಕತ್ತಿನ ಹಿಂಭಾಗ, ಮುಂಗೈಗಳಿಗೆ ಹಚ್ಚಿ. ಅಲ್ಲಿ ಮೇಕಪ್ ಇಲ್ಲವಾದ್ದರಿಂದ ಬೆರಳಿನಿಂದಲೇ ಧಾರಾಳವಾಗಿ ಹಚ್ಚಬಹುದು.

7. ಉಳಿದರ್ಧವನ್ನು ಅದೇ ರೀತಿ ಎರಡನೇ ಸುತ್ತು ಒತ್ತಿ. ಮೂಗು, ಕೆನ್ನೆಯ ಮೇಲಿನ ಎಲುಬು, ಮೇಲ್ತುಟಿ, ಹಣೆ ಈ ಸುತ್ತಿನಲ್ಲಿ ತಪ್ಪಬಾರದು.

8. ಎರಡು ಮೂರು ನಿಮಿಷ ಆರಿದ ಮೇಲೆ ಹೊಳೆಯುವ ಕಡೆಗೆ ಕಾಂಪ್ಯಾಕ್ಟಿನ ಪಫ್ ಒತ್ತಿ. ಬ್ಲಶ್ ಮಾಸಿದ್ದರೆ ಪುಡಿ ಬ್ಲಶ್ ಒಂದು ಸಲ ಆಡಿಸಿ.

ಒಂದು ಬೆರಳಿನಷ್ಟು ಸಾಕೇ? ಬೆಳಿಗ್ಗೆ ಎರಡು ಬೆರಳು ಹೇಳಿದಿರಲ್ಲ?

ಬೆಳಿಗ್ಗೆ ಚೆನ್ನಾಗಿ ಹಚ್ಚಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ಹೋಗಿರುವುದಿಲ್ಲ, ಅಲ್ಲಲ್ಲಿ ಹರಿದಿರುತ್ತದೆ. ಈಗ ಮಾಡುವುದು ಆ ಕಿಂಡಿಗಳನ್ನು ಮುಚ್ಚುವ ಕೆಲಸ. ಸ್ಪಂಜಿನಲ್ಲಿ ಉಳಿಯುವುದನ್ನೂ ಸೇರಿಸಿ ಒಂದು ಬೆರಳಿನಷ್ಟು ಎಂದಿದ್ದೇವೆ. ಎರಡು ಬೆರಳಿನಷ್ಟನ್ನು ಮೇಕಪ್ ಮೇಲೆ ಹಚ್ಚಿ ಬೇಸ್ ಉಳಿಸಿಕೊಳ್ಳುವ ದಾರಿ ಯಾವುದೂ ಇಲ್ಲ. ಬೆಳಿಗ್ಗೆ ಕಡಿಮೆ ಹಚ್ಚಿದವರಿಗೆ ಮಧ್ಯಾಹ್ನದ ಈ ಒಂದು ಬೆರಳು ಆ ಕೊರತೆಯನ್ನು ತುಂಬಿಕೊಡಲಾರದು ಎಂಬುದನ್ನೂ ತಿಳಿದಿರಬೇಕು.

ಮಧ್ಯಾಹ್ನ ಪ್ರವಾಸದಂಥ ದೀರ್ಘ ಬಿಸಿಲಿಗೆ ಹೋಗುವುದಿದ್ದರೆ, ಕಂಪನಿಯ ಕ್ರೀಡಾದಿನ, ಸೈಟ್ ನೋಡಲು ಹೋಗುವುದು ಇತ್ಯಾದಿ, ಮೇಕಪ್ ಉಳಿಸುವ ಆಸೆ ಬಿಟ್ಟು ಮುಖ ತೊಳೆದು ಪೂರ್ತಿ ಎರಡು ಬೆರಳು ಹಚ್ಚಿ.

ಹಚ್ಚುವಾಗ ಸಣ್ಣ ಸಣ್ಣ ಉಂಡೆಗಳಾಗಿ, ರಬ್ಬರಿನ ಚೂರಿನಂತೆ ಏಳುತ್ತದೆ. ಯಾಕೆ?

ಕೆಳಗಿನ ಪದರ ಮತ್ತು ಮೇಲಿನ ಪದರ ಒಂದಕ್ಕೊಂದು ಅಂಟುತ್ತಿಲ್ಲ, ಅಥವಾ ಕೆಳಗೆ ಪದರಗಳು ಹೆಚ್ಚಾಗಿವೆ. ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಸಿಲಿಕೋನ್ ಪ್ರೈಮರ್, ಫೌಂಡೇಶನ್ ಹೀಗೆ ಐದು ಪದರ ಹಾಕಿಕೊಂಡ ಮೇಲೆ ಆರನೆಯದು ಉಂಡೆ ಕಟ್ಟದಿದ್ದರೇ ಆಶ್ಚರ್ಯ. ಮೊದಲು ಪ್ರೈಮರ್ ಬಿಟ್ಟು ನೋಡಿ. ಎಣ್ಣೆಚರ್ಮದವರು ಬೆಳಿಗ್ಗೆ ಮಾಯಿಶ್ಚರೈಸರನ್ನೂ ಬಿಡಬಹುದು, ಸನ್‌ಸ್ಕ್ರೀನಿನಲ್ಲಿರುವ ತೇವಾಂಶವೇ ಸಾಕಾಗುತ್ತದೆ.

ಮುಖದ ಮೇಲೆ ಪ್ರಯೋಗ ಮಾಡುವ ಮೊದಲು ರಜಾದಿನ ಮುಂಗೈಯ ಒಳಭಾಗದಲ್ಲಿ ಪರೀಕ್ಷಿಸಬಹುದು. ಬೆಳಗಿನ ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಬಿಟ್ಟು ಫೌಂಡೇಶನ್ ಹಾಕಿ, ಅದು ಕೂತ ಮೇಲೆ ಮಧ್ಯಾಹ್ನಕ್ಕೆಂದು ಇಟ್ಟ ಸನ್‌ಸ್ಕ್ರೀನನ್ನು ಒತ್ತಿ. ಆರಿದ ಬಳಿಕ ಬೆರಳಿನಿಂದ ಮೆಲ್ಲಗೆ ಸವರಿ. ಚೂರು ಏಳದಿದ್ದರೆ ಜೋಡಿ ಹೊಂದುತ್ತದೆ. ಎದ್ದರೆ ಎರಡೂ ಹೊತ್ತಿಗೆ ಒಂದೇ ಸನ್‌ಸ್ಕ್ರೀನ್ ಬಳಸಿ ಮತ್ತೆ ನೋಡಿ. ತನ್ನದೇ ಪದರದೊಂದಿಗೆ ಅದು ಜಗಳವಾಡುವ ಸಂಭವ ಕಡಿಮೆ.

ಕಚೇರಿಯಲ್ಲೇ ಉಂಡೆ ಎದ್ದರೆ ಇನ್ನಷ್ಟು ಹಚ್ಚಿ ಸರಿಮಾಡಲು ಹೋಗಬೇಡಿ. ಆರಲು ಬಿಟ್ಟು, ಒಣ ಟಿಶ್ಯೂವಿನಿಂದ ಚೂರುಗಳನ್ನು ಒತ್ತಿ ಎತ್ತಿಕೊಂಡು, ಆ ಜಾಗಕ್ಕಷ್ಟೇ ಸ್ವಲ್ಪ ಸನ್‌ಸ್ಕ್ರೀನ್ ಒತ್ತಿ, ಪೌಡರ್ ಹಾಕಿ ಮುಗಿಸಿ.

ಸ್ಟಿಕ್ ಸನ್‌ಸ್ಕ್ರೀನ್ ಇನ್ನೂ ಸುಲಭವಲ್ಲವೇ?

ಒಯ್ಯಲು ಸುಲಭ. ಆದರೆ ಫೌಂಡೇಶನ್ ಮೇಲೆ ನೇರವಾಗಿ ಎಳೆದರೆ ಮೇಣದಂಥ ಆ ತುದಿ ಬೇಸನ್ನು ಕೆರೆದುಕೊಂಡು ಹೋಗುತ್ತದೆ. ಒಂದು ಗೆರೆ ಎಳೆದರೆ ಬೀಳುವ ಪ್ರಮಾಣವೂ ಬಹಳ ಕಡಿಮೆ, ಒಂದೇ ಜಾಗದಲ್ಲಿ ನಾಲ್ಕು ಸಲ ಆಡಿಸಬೇಕು ಎನ್ನುವುದು ಅದಕ್ಕೇ. ಮೇಕಪ್ ಇರುವ ಕಡೆ ಸ್ಟಿಕ್ಕನ್ನು ಮೊದಲು ಸ್ಪಂಜಿನ ಮೇಲೋ ಬೆರಳ ತುದಿಯ ಮೇಲೋ ಎಂಟು ಹತ್ತು ಸಲ ಉಜ್ಜಿ, ಅದನ್ನು ಮುಖಕ್ಕೆ ಒತ್ತಿ.

ಸ್ಟಿಕ್ ನಿಜಕ್ಕೂ ಗೆಲ್ಲುವುದು ಸಣ್ಣ ಜಾಗಗಳಲ್ಲಿ: ಮೂಗಿನ ಮೇಲೆ, ಕಣ್ಣಿನ ಸುತ್ತ, ಮೇಲ್ತುಟಿಯ ಭಾಗದಲ್ಲಿ. ದ್ರವದ ಸನ್‌ಸ್ಕ್ರೀನ್ ಬೆವರಿನೊಂದಿಗೆ ಕಣ್ಣಿಗಿಳಿದು ಉರಿಯುತ್ತದೆ, ಮೇಣ ಇದ್ದಲ್ಲೇ ಇರುತ್ತದೆ. ಬಳಸಿದ ಮೇಲೆ ತುದಿಯನ್ನು ಟಿಶ್ಯೂನಿಂದ ಒರೆಸಿ, ಇಲ್ಲದಿದ್ದರೆ ಅದಕ್ಕೆ ಅಂಟಿದ ಫೌಂಡೇಶನ್ನೂ ಜಿಡ್ಡೂ ಮರುದಿನ ಮುಖಕ್ಕೇ ಬರುತ್ತವೆ.

ಎಸ್‌ಪಿಎಫ್ ಇರುವ ಪೌಡರ್, ಮಿಸ್ಟ್, ಸ್ಪ್ರೇಗಳನ್ನು ನಂಬಬಹುದೇ?

ಇವುಗಳಿಂದ ಬೇಸ್ ಕೆಡುವುದಿಲ್ಲ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಪ್ರಮಾಣದ ಲೆಕ್ಕ ಹಾಕಿ ನೋಡಿ. ಕಾಂಪ್ಯಾಕ್ಟ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು 9ರಿಂದ 12 ಗ್ರಾಂ. ಬರೆದಿರುವ ಎಸ್‌ಪಿಎಫ್ ಸಿಗಲು ಒಂದು ಸಲಕ್ಕೆ ಒಂದು ಗ್ರಾಮಿಗೂ ಹೆಚ್ಚು ಬೇಕಾದರೆ ಡಬ್ಬಿ ಹತ್ತು ಸಲಕ್ಕೆ ಖಾಲಿಯಾಗಬೇಕು. ನಿಮ್ಮದು ತಿಂಗಳುಗಟ್ಟಲೆ ಬರುತ್ತಿದ್ದರೆ ಮುಖದ ಮೇಲೆ ಬೀಳುತ್ತಿರುವುದು ಅದರ ಸಣ್ಣದೊಂದು ಪಾಲು. ಮಿಸ್ಟ್ ಬಾಟಲಿಯ ಒಂದು ಒತ್ತಿಗೆ ಹೊರಬರುವುದು ಹೆಚ್ಚುಕಡಿಮೆ 0.1 ಮಿಲಿ, ಅದರಲ್ಲೂ ಒಂದಷ್ಟು ಗಾಳಿಗೆ ಹೋಗುತ್ತದೆ. ಎರಡು ಮೂರು ಸಲ ಸಿಂಪಡಿಸಿದರೆ ಮುಖ ತಂಪಾಗುತ್ತದೆ, ರಕ್ಷಣೆ ಹೆಚ್ಚೇನೂ ಸೇರುವುದಿಲ್ಲ.

ಹಾಗೆಂದು ಪೌಡರನ್ನು ಬಿಸಾಡಬೇಕಿಲ್ಲ. ಒತ್ತಿ ಹಚ್ಚಿದ ಸನ್‌ಸ್ಕ್ರೀನ್ ಮೇಲೆ ಎಂಟನೇ ಹಂತದ ಕಾಂಪ್ಯಾಕ್ಟ್ ಆಗಿ ಬಳಸಲು ಅದು ಒಳ್ಳೆಯ ಆಯ್ಕೆ. ದೊಡ್ಡ ಕ್ಯಾನಿನ ಸ್ಪ್ರೇಯನ್ನು ಮಾತ್ರ ನೇರವಾಗಿ ಮುಖಕ್ಕೆ ಹೊಡೆಯಬೇಡಿ. ಕಣ್ಣಿಗೂ ಶ್ವಾಸಕ್ಕೂ ಹೋಗುತ್ತದೆ. ಸ್ಪಂಜಿಗೆ ಹೊಡೆದುಕೊಂಡು ಮುಖಕ್ಕೆ ಒತ್ತಬಹುದು.

ಕುಶನ್?

ನಮ್ಮ ಅಭಿಪ್ರಾಯದಲ್ಲಿ ಕಚೇರಿ ಚೀಲಕ್ಕೆ ಇದಕ್ಕಿಂತ ಹೊಂದುವ ವಸ್ತುವಿಲ್ಲ. ದ್ರವ, ಪಫ್, ಕನ್ನಡಿ ಒಂದೇ ಡಬ್ಬಿಯಲ್ಲಿರುತ್ತವೆ, ಹಚ್ಚುವ ವಿಧಾನವೇ ಒತ್ತುವುದು. ಒಂದು ಸುತ್ತಿಗೆ ಬೀಳುವುದು ತೀರಾ ತೆಳುವಾದ್ದರಿಂದ ನಡುವೆ ಒಂದು ನಿಮಿಷ ಬಿಟ್ಟು ಕನಿಷ್ಠ ಎರಡು ಸುತ್ತು ಬೇಕು. ಬಣ್ಣವಿರುವ ಕುಶನ್ ಆದರೆ ಫೌಂಡೇಶನ್ನಿಗೆ ಹೊಂದುವ ಛಾಯೆ ಸಿಗಬೇಕು. ಗಾಢ ಗೋಧಿ ಬಣ್ಣಕ್ಕಿಂತ ಕಪ್ಪಾದ ಮೈಬಣ್ಣಕ್ಕೆ ಛಾಯೆಗಳು ಕಡಿಮೆ, ಅಂಥವರಿಗೆ ಬಣ್ಣವಿಲ್ಲದ ದ್ರವ ಸನ್‌ಸ್ಕ್ರೀನೇ ಸರಿ.

ಕುಂಕುಮ, ಬಿಂದಿ, ಕಾಡಿಗೆ ಇದ್ದಾಗ ಹೇಗೆ?

ಸ್ಟಿಕ್ಕರ್ ಬಿಂದಿಯನ್ನು ತೆಗೆದು ಕನ್ನಡಿಗೆ ಅಂಟಿಸಿಟ್ಟು, ಹಣೆಗೆ ಹಚ್ಚಿ ಪೌಡರ್ ಹಾಕಿದ ಮೇಲೆ ಮತ್ತೆ ಇಟ್ಟುಕೊಳ್ಳಿ. ಬಿಂದಿಯ ಸುತ್ತ ಮಾತ್ರ ಹಚ್ಚುತ್ತಾ ಹೋದರೆ ಅಂಚಿನಲ್ಲಿ ಸನ್‌ಸ್ಕ್ರೀನ್ ಸೇರಿಕೊಂಡು ಅಂಟು ಬಿಟ್ಟುಕೊಳ್ಳುತ್ತದೆ. ಪುಡಿ ಕುಂಕುಮವಾದರೆ ಸ್ಪಂಜಿನ ಚೂಪು ತುದಿಯಿಂದ ಅದರಿಂದ ಅರ್ಧ ಸೆಂಟಿಮೀಟರ್ ದೂರದಲ್ಲೇ ನಿಲ್ಲಿಸಿ. ಒಮ್ಮೆ ಸ್ಪಂಜಿಗೆ ಕೆಂಪು ತಾಗಿತೆಂದರೆ ಇಡೀ ಹಣೆಗೆ ಹರಡುತ್ತದೆ, ಹಾಗಾಗಿ ಹಣೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುವುದು ಜಾಣತನ. ಕಾಡಿಗೆ ಇರುವ ಕೆಳರೆಪ್ಪೆಯ ಅಂಚಿಗೆ ದ್ರವ ತಾಗಿಸಬೇಡಿ, ಅಲ್ಲಿ ಸ್ಟಿಕ್ ತಾಗಿಸಿದ ಬೆರಳು ಸಾಕು.

ಊಟಕ್ಕೆ ಮುಂಚೆ ಹಚ್ಚಬೇಕೇ, ನಂತರವೇ? ಒಂದು ದಿನದ ಉದಾಹರಣೆ ಕೊಡಿ.

ಮಾರ್ಚ್ ತಿಂಗಳ ಒಂದು ದಿನ ಎಂದುಕೊಳ್ಳಿ. ಬೆಳಿಗ್ಗೆ 7:45ಕ್ಕೆ ಎರಡು ಬೆರಳಿನಷ್ಟು ಸನ್‌ಸ್ಕ್ರೀನ್, 8ಕ್ಕೆ ತೆಳು ಫೌಂಡೇಶನ್, 8:30ಕ್ಕೆ ಬಸ್ಸು. 9:45ರಿಂದ ಕಚೇರಿಯ ಒಳಗೆ, ಕಿಟಕಿಯಿಂದ ದೂರ. ಮಧ್ಯಾಹ್ನ 1ಕ್ಕೆ ಹತ್ತು ನಿಮಿಷ ನಡೆದು ದರ್ಶಿನಿಯಲ್ಲಿ ಊಟ, 1:40ಕ್ಕೆ ಅದೇ ಬಿಸಿಲಿನಲ್ಲಿ ವಾಪಸ್. ಸಂಜೆ 6ಕ್ಕೆ ಮನೆಗೆ.

ಇಲ್ಲಿ ಹಚ್ಚಬೇಕಾದ ಹೊತ್ತು 12:40. ಆರೇಳು ನಿಮಿಷದಲ್ಲಿ ಮುಗಿದು, ಆರಿ, 1ಕ್ಕೆ ಹೊರಡಬಹುದು. ಊಟದ ನಂತರ ಹಚ್ಚಿದರೆ ಹೋಗುವ ದಾರಿಯ ಬಿಸಿಲು ಹರಿದ ಪದರದ ಮೇಲೇ ಬೀಳುತ್ತದೆ. ಆದರೆ ಇನ್ನೊಂದು ವಿಷಯವಿದೆ. ಕೈಯಲ್ಲಿ ಊಟಮಾಡಿ ಬಾಯಿ ಮುಕ್ಕಳಿಸಿ ಕರ್ಚೀಫಿನಿಂದ ಒರೆಸಿಕೊಂಡಾಗ ತುಟಿಯ ಸುತ್ತ ಹಚ್ಚಿದ್ದು ಅಷ್ಟೂ ಹೋಗುತ್ತದೆ. ಬಂಗು ಇರುವವರಿಗೆ ಮೇಲ್ತುಟಿಯ ಭಾಗವೇ ಬೇಗ ಕಪ್ಪಾಗುವ ಜಾಗ. ಕೈ ತೊಳೆಯುವ ಜಾಗದಲ್ಲೇ ಟಿಶ್ಯೂ ಒತ್ತಿ, ಸ್ಟಿಕ್ಕನ್ನು ಬೆರಳಿಗೆ ಉಜ್ಜಿ ಬಾಯಿಯ ಸುತ್ತ ಒತ್ತಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಆಮೇಲೆ ಆ ದಿನಕ್ಕೆ ಬೇರೇನೂ ಬೇಡ. ಛತ್ರಿ ತೆರೆದು ನಡೆದರೆ ಇನ್ನೂ ಒಳ್ಳೆಯದು.

ಡಬ್ಬಿ ಕಟ್ಟಿಕೊಂಡು ಬಂದು ಒಳಗೇ ಊಟಮಾಡುವ ದಿನ ಈ ಯಾವುದೂ ಬೇಕಿಲ್ಲ. ಜಿಡ್ಡು ಒತ್ತಿ ತೆಗೆದು ಪೌಡರ್ ಹಾಕಿಕೊಂಡರೆ ಆಯಿತು.

ಹಚ್ಚಿದ ಮೇಲೆ ಮುಖ ಬೂದು ಬಡಿದಂತೆ ಕಾಣುತ್ತದೆ. ಬಂಗು ಇರುವವರು ಏನು ಬಳಸಬೇಕು?

ಬೂದು ಬಣ್ಣಕ್ಕೆ ಕಾರಣ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್. ಇವು ಬಿಳಿ ಪುಡಿಗಳು, ನಮ್ಮ ಮೈಬಣ್ಣದ ಮೇಲೆ ಎದ್ದು ಕಾಣುತ್ತವೆ, ಫೌಂಡೇಶನ್ ಮೇಲಂತೂ ಇನ್ನೂ ಹೆಚ್ಚು. ಮಧ್ಯಾಹ್ನಕ್ಕೆ ಇವಿಲ್ಲದ ಪಾರದರ್ಶಕ ದ್ರವವನ್ನೋ, ಮೈಬಣ್ಣಕ್ಕೆ ಹೊಂದುವ ಬಣ್ಣದ ಸನ್‌ಸ್ಕ್ರೀನನ್ನೋ ಆರಿಸಿ.

ಬಂಗು ಇದ್ದರೆ ಬಣ್ಣದ್ದೇ ಬೇಕು. ಬಂಗು ಕಪ್ಪಾಗಲು ಯುವಿ ಒಂದೇ ಕಾರಣವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದರಲ್ಲೂ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ. ಬಣ್ಣವಿಲ್ಲದ ಸನ್‌ಸ್ಕ್ರೀನ್‌ಗಳು ಈ ಬೆಳಕನ್ನು ಬಹುತೇಕ ತಡೆಯುವುದಿಲ್ಲ, ಐರನ್ ಆಕ್ಸೈಡ್ ಇರುವವು ತಡೆಯುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರನ್ನು ಹುಡುಕಿ. ಫೌಂಡೇಶನ್ನಿಗೆ ಬಣ್ಣ ಕೊಡುವುದೂ ಇದೇ ಐರನ್ ಆಕ್ಸೈಡ್ ಆದ್ದರಿಂದ, ಬಂಗು ಇರುವವರ ಮಟ್ಟಿಗೆ ಬೇಸ್ ಉಳಿಸಿಕೊಳ್ಳುವುದು ಅಂದಕ್ಕಷ್ಟೇ ಅಲ್ಲ, ರಕ್ಷಣೆಗೂ ಬೇಕು.

ಕೆಲಸವೇ ಹೊರಗೆ. ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬೇಕಾಗುತ್ತದೆ. ಬೇಸ್ ಉಳಿಯುತ್ತದೆಯೇ?

ಉಳಿಯುವುದಿಲ್ಲ. ಔಷಧ ಕಂಪನಿಯ ಪ್ರತಿನಿಧಿಗಳು, ಸಮೀಕ್ಷೆಗೆ ಹೋಗುವವರು, ಕಟ್ಟಡದ ಸೈಟಿನಲ್ಲಿ ನಿಲ್ಲುವವರು ಫೌಂಡೇಶನ್ನನ್ನೇ ಕೈಬಿಟ್ಟು ಬಣ್ಣದ ಸನ್‌ಸ್ಕ್ರೀನನ್ನೇ ಬೇಸ್ ಮಾಡಿಕೊಳ್ಳಬೇಕು. ಬೆಳಿಗ್ಗೆ ಎರಡು ಬೆರಳು, ಕಲೆಗಳಿಗೆ ಚುಕ್ಕೆ ಕನ್ಸೀಲರ್, ಅಷ್ಟೇ. ಎರಡು ಗಂಟೆಗೊಮ್ಮೆ ಜಿಡ್ಡು ಒತ್ತಿ ತೆಗೆದು ಅದನ್ನೇ ಬೆರಳಿನಿಂದ ಹಚ್ಚಿದರೂ ಮುಖ ಒಂದೇ ಬಣ್ಣದಲ್ಲಿರುತ್ತದೆ, ಕೆಡುವುದಕ್ಕೆ ಬೇರೆ ಬೇಸ್ ಎಂಬುದೇ ಇರುವುದಿಲ್ಲ.

ಮಂಗಳೂರು, ಉಡುಪಿಯ ಸೆಕೆಯಲ್ಲಿ ಈ ಕ್ರಮ ನಡೆಯುತ್ತದೆಯೇ?

ಎಸಿ ಇರುವ ಕಡೆ ನಡೆಯುತ್ತದೆ. ಇಲ್ಲದ ಕಡೆ ತೊಂದರೆ, ಮುಖ ಆರುವುದೇ ಇಲ್ಲ. ನೀರು, ಬೆವರು ತಡೆಯುತ್ತದೆ ಎಂದು ಬರೆದಿರುವ ಸನ್‌ಸ್ಕ್ರೀನನ್ನು ಬೆಳಿಗ್ಗೆ ಬಳಸಿ, ಮಧ್ಯಾಹ್ನ ಫ್ಯಾನಿನ ಕೆಳಗೆ ಐದು ನಿಮಿಷ ಕುಳಿತು ಟಿಶ್ಯೂ ಒತ್ತಿದ ಮೇಲೆ ಒಂದೇ ಸುತ್ತು ಹಚ್ಚಿ. ಬೆವರು ಇಳಿಯುತ್ತಿರುವಾಗ ಹಚ್ಚಿದ್ದು ಹಾಲಿನಂತೆ ಬಿಳಿಯಾಗಿ ಕತ್ತಿಗಿಳಿಯುತ್ತದೆ. ಅಂಥ ದಿನಗಳಲ್ಲೂ ಮೇಲಿನ ಪ್ರಶ್ನೆಗೆ ಕೊಟ್ಟ ಉತ್ತರವೇ ಹೆಚ್ಚು ಹೊಂದುತ್ತದೆ.

ಸ್ಪಂಜು ಮತ್ತು ಸನ್‌ಸ್ಕ್ರೀನನ್ನು ಹೇಗೆ ಇಟ್ಟುಕೊಳ್ಳಬೇಕು?

ಒದ್ದೆ ಸ್ಪಂಜನ್ನು ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಒಳಗೆ ಬೂಸು ಕಟ್ಟುತ್ತದೆ, ಹೊರಗೆ ಕಾಣುವುದಿಲ್ಲ. ಮೊಡವೆ ಹೆಚ್ಚಾಯಿತು, ಸನ್‌ಸ್ಕ್ರೀನ್ ಒಗ್ಗಲಿಲ್ಲ ಎಂದು ದೂರುವವರು ಮೊದಲು ತಮ್ಮ ಸ್ಪಂಜನ್ನು ಕತ್ತರಿಸಿ ನೋಡಲಿ. ತ್ರಿಕೋನದ ಅಗ್ಗದ ಸಣ್ಣ ಸ್ಪಂಜುಗಳನ್ನು ವಾರಕ್ಕೆ ಐದರಂತೆ ಇಟ್ಟುಕೊಂಡು, ದಿನಕ್ಕೊಂದು ಬಳಸಿ, ಶನಿವಾರ ಒಟ್ಟಿಗೆ ಸೋಪಿನಲ್ಲಿ ತೊಳೆದು ಗಾಳಿಗೆ ಒಣಗಿಸುವುದು ಒಳ್ಳೆಯ ಉಪಾಯ. ಬಳಸಿದ್ದನ್ನು ಮನೆಗೆ ಒಯ್ಯಲು ಬಟ್ಟೆಯ ಚೀಲವಿರಲಿ.

ಸನ್‌ಸ್ಕ್ರೀನ್ ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಬಿಡಬೇಡಿ. ಕಾವಿಗೆ ಎಣ್ಣೆ ಮತ್ತು ನೀರು ಬೇರೆಯಾಗುತ್ತವೆ. ಒತ್ತಿದಾಗ ಮೊದಲು ನೀರಿನಂಥ ದ್ರವ ಬಂದು ಆಮೇಲೆ ಗಟ್ಟಿ ಬಂದರೆ, ಅಥವಾ ವಾಸನೆ ಬದಲಾಗಿದ್ದರೆ, ಅವಧಿ ಮುಗಿದಿರದಿದ್ದರೂ ಎಸೆಯಿರಿ. ಬೇರ್ಪಟ್ಟ ಸನ್‌ಸ್ಕ್ರೀನನ್ನು ಅಲುಗಾಡಿಸಿ ಕೂಡಿಸಿದರೂ ಅದು ಮುಖದ ಮೇಲೆ ಒಂದೇ ಸಮನಾಗಿ ಕೂರುವುದಿಲ್ಲ. ಕಚೇರಿಯ ಮೇಜಿನ ಡ್ರಾಯರಿನಲ್ಲಿ ಒಂದು ಸಣ್ಣ ಟ್ಯೂಬ್ ಕಾಯಂ ಇಟ್ಟರೆ ಒಯ್ಯುವ ರಗಳೆಯೂ ಇಲ್ಲ. ಬಳಸಲು ಶುರುಮಾಡಿದ ತಿಂಗಳನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದಿಡಿ, ಒಡೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ಟ್ಯೂಬಿನ ಮೇಲೆ ತೆರೆದ ಡಬ್ಬಿಯ ಚಿತ್ರದ ಪಕ್ಕ ನಮೂದಿಸಿರುತ್ತಾರೆ.